ಧನ್ಯವಾದದ ಸಾಲು

ಬಿಲ್ಡರ್‌ಗೆ ಸಂದೇಶ ಬರೆಯುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ನಿವೃತ್ತರಾದ ಅವರೇ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಾಗದವೆಂದರೆ ಸ್ತುತಿಯಿಂದಲೇ ಶುರುವಾಗಬೇಕು ಎಂಬುದು ಅವರ ಹಳೆಯ ನಂಬಿಕೆ. ‘ಉತ್ತಮ ಸೌಲಭ್ಯಗಳನ್ನು ಒದಗಿಸಿದ್ದಕ್ಕೆ ಧನ್ಯವಾದಗಳು’ ಎಂದು ಮೊದಲು ಬರೆದು, ಕ್ಲಬ್‌ಹೌಸು, ತೋಟ ಎರಡೂ ಬಾಕಿ ಇವೆ, ದಯವಿಟ್ಟು ಗಮನಿಸಿ ಎಂದು ಮುಗಿಸಿದರು. ಅದನ್ನು ಸಂಘದ ವಾಟ್ಸಾಪ್ ಗುಂಪಿಗೂ ಹಾಕಿದಾಗ ಎಲ್ಲರೂ ಕೈಮುಗಿದ ಚಿತ್ರ ಒತ್ತಿದರು.

ನೆಲಮಹಡಿಯ ಟೈಲರಮ್ಮ ಮಾತ್ರ ಅದನ್ನು ಓದಿರಲಿಲ್ಲ. ಲಕ್ವ ಹೊಡೆದು ಎದ್ದ ಗಂಡನಿಗೆ ದಿನವೂ ಸಮನೆಲದ ಮೇಲೆ ನಡಿಗೆ ಬೇಕೆಂದು ಡಾಕ್ಟರು ಹೇಳಿದ್ದರು. ತೋಟದ ಸುತ್ತ ನಡಿಗೆಯ ಹಾದಿ ಬರುತ್ತದೆಂದೇ ಅವಳು ಈ ಮನೆ ಕೊಂಡದ್ದು. ತೋಟದ ಜಾಗದಲ್ಲಿ ಒಡೆದ ಟೈಲ್ಸು, ತುಕ್ಕು ಕಂಬಿ ಬಿದ್ದಿದ್ದವು. ಗಂಡ ಕಾರುಗಳ ನಡುವೆ ಕೋಲೂರಿ ನಡೆಯುತ್ತಿದ್ದ. ಹಿಂದಿನ ವಾರ ಹಿಂದಕ್ಕೆ ಬಂದ ಕಾರೊಂದು ಕೋಲಿಗೆ ತಾಗಿತ್ತು.

ನಾಲ್ಕನೆಯ ದಿನ ಸೈಟ್ ಎಂಜಿನಿಯರ್ ಹಸ್ತಾಂತರ ಪತ್ರ ಹಿಡಿದು ಸಂಘದ ಕೋಣೆಗೆ ಬಂದ. ಸೌಲಭ್ಯಗಳು ಸಿಕ್ಕಿವೆಯೆಂದು ಸಂಘವೇ ಲಿಖಿತವಾಗಿ ಧನ್ಯವಾದ ತಿಳಿಸಿದೆ ಎಂದು ಅದರಲ್ಲಿತ್ತು. ಸಹಿ ಬಿದ್ದರೆ ಬಿಲ್ಡರ್ ಕೈ ತೊಳೆದುಕೊಂಡ ಹಾಗೆ.

“ನಿಮ್ಮದೇ ಮಾತು ಸಾರ್. ನಾವೇನೂ ಸೇರಿಸಿಲ್ಲ,” ಎಂದ ಎಂಜಿನಿಯರ್.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಬರೀ ಮರ್ಯಾದೆಗೆ ಬರೆದದ್ದು ಎಂದರು. ತೋಟದ ವಿಷಯ ಕೇಳಲು ಅಲ್ಲಿಗೆ ಬಂದಿದ್ದ ಟೈಲರಮ್ಮ ಪತ್ರವನ್ನು ಎರಡು ಸಲ ಓದಿದಳು.

“ಮೇಷ್ಟ್ರೇ, ಬಟ್ಟೆ ಕತ್ತರಿಸೋಕೆ ಮುಂಚೇನೇ ರವಿಕೆ ಚೆನ್ನಾಗಿದೆ ಅಂದ್ಬಿಟ್ರೆ, ನಾನಾದ್ರೂ ಯಾಕೆ ಹೊಲೀಲಿ?”

ಮೇಷ್ಟ್ರು ಹೊಸ ಪತ್ರಕ್ಕೆ ಹಾಳೆ ತೆಗೆದರು. ಅವಳು ಮನೆಗೆ ಹೋಗಿ ಖರೀದಿ ಕರಾರನ್ನು ತಂದಳು. ಅದರ ಕೊನೆಯಲ್ಲಿದ್ದ ಸೌಲಭ್ಯಗಳ ಪಟ್ಟಿ ನೋಡಿ ಹೇಳುತ್ತ ಹೋದಳು, ಮೇಷ್ಟ್ರು ಬರೆದರು. ಮೊದಲ ಸಂದೇಶದ ಧನ್ಯವಾದ ಲಿಫ್ಟು, ನೀರಿನ ತೊಟ್ಟಿಗೆ ಮಾತ್ರ. ಕ್ಲಬ್‌ಹೌಸು ಇನ್ನೂ ಕಂಬದ ಮಟ್ಟದಲ್ಲಿದೆ. ತೋಟ ಮತ್ತು ಆರಡಿ ಅಗಲದ ಹಾದಿ ಶುರುವೇ ಆಗಿಲ್ಲ. ಮಾತು ಕೊಟ್ಟ ಗಡುವು ಮುಗಿದು ಹದಿನಾಲ್ಕು ತಿಂಗಳು. ಮೂವತ್ತು ದಿನದೊಳಗೆ ಕೆಲಸ ಶುರುವಾಗದಿದ್ದರೆ ರಿಯಲ್ ಎಸ್ಟೇಟ್ ಪ್ರಾಧಿಕಾರಕ್ಕೆ ದೂರು. ಪೂರ್ತಿಯಾಗುವ ತನಕ ಹಸ್ತಾಂತರವಿಲ್ಲ.

“ದಯವಿಟ್ಟು ಅಂತ ಹಾಕ್ಲಾ?” ಎಂದರು ಮೇಷ್ಟ್ರು.

“ಒಂದು ಹಾಕಿ. ಕೊನೇಲಿ.”

ಫೋಟೋಗಳ ಜೊತೆ ಅದನ್ನು ಇಮೇಲ್ ಮಾಡಿದರು. ಮುದ್ರಿಸಿದ ಒಂದು ಪ್ರತಿಯ ಮೇಲೆ, ಸ್ವೀಕರಿಸಿದ್ದೇನೆಂದು ಎಂಜಿನಿಯರ್‌ನಿಂದ ದಿನಾಂಕ ಸಹಿತ ರುಜು ಹಾಕಿಸಿಕೊಂಡರು. ಹಸ್ತಾಂತರ ಪತ್ರ ಸಹಿಯಿಲ್ಲದೆಯೇ ವಾಪಸು ಹೋಯಿತು.

ಕ್ಲಬ್‌ಹೌಸಿನ ಬಗ್ಗೆ ಉತ್ತರ ಬರಲಿಲ್ಲ. ಇಪ್ಪತ್ತಾರನೆಯ ದಿನ ಲಾರಿಯೊಂದು ಬಂದು ತೋಟದ ಜಾಗದ ಕಸ ಹೊತ್ತೊಯ್ದಿತು. ಕೂಲಿಯವರು ಸುಣ್ಣದ ಪುಡಿಯಲ್ಲಿ ಹಾದಿಯ ಗೆರೆ ಎಳೆದರು. ಟೈಲರಮ್ಮ ಹೊರಬಂದು ಅಳೆದಳು: ನಾಲ್ಕೂವರೆ ಅಡಿ. ಕರಾರಿನ ಪುಟ ತೋರಿಸಿದಳು. ಕೂಲಿಯವರ ಮೇಸ್ತ್ರಿ ಗೊಣಗುತ್ತ ಒಂದು ಗೆರೆ ಅಳಿಸಿ, ಒಂದೂವರೆ ಅಡಿ ಆಚೆ ಎಳೆದ. ಅವಳ ಗಂಡ ಎರಡು ಗೆರೆಗಳ ನಡುವೆ ನಿಂತು, ಇನ್ನೂ ಹಸಿಮಣ್ಣು, ಕೋಲು ಹೂತುಹೋಗುತ್ತೆ ಎಂದು ಹಿಂದಕ್ಕೆ ಬಂದ.