ಎರಡು ಲೇಬಲ್‌ಗಳ ಲೆಕ್ಕ

ಹಾಸಿಗೆ ಹಿಡಿದ ಅಪ್ಪನ ಬೆನ್ನೆಲ್ಲ ಹುಣ್ಣಾಗಿ ಸೆಕೆ ತಡೆಯಲಾಗುತ್ತಿರಲಿಲ್ಲ. ಅವನ ಕೋಣೆಗೆ ಎ.ಸಿ. ಕೊಳ್ಳಲು ಅಣ್ಣ ತಂಗಿ ಅಂಗಡಿಗೆ ಬಂದಿದ್ದರು. ಅಣ್ಣನೋ, ಪೈಸೆಗೆ ಪ್ರಾಣ ಬಿಡುವ ಆಸಾಮಿ. ಕಡಿಮೆ ಬೆಲೆಯ ಮೂರು ಸ್ಟಾರಿನ ಮುಂದೆ ಬೇರು ಬಿಟ್ಟವನಂತೆ ನಿಂತುಬಿಟ್ಟ. ತಂಗಿಗೆ ಮೈಯೆಲ್ಲ ಉರಿಯಿತು.

"ಬೆಲೆ ಬಿಡು, ಲೇಬಲ್ ಮೇಲಿನ ಯೂನಿಟ್ ಓದು. ಇದಕ್ಕೆ ವರ್ಷಕ್ಕೆ ಒಂಬೈನೂರೈವತ್ತು, ಐದು ಸ್ಟಾರಿಗೆ ಏಳುನೂರೈವತ್ತು. ಅದೂ ವರ್ಷಕ್ಕೆ ಸಾವಿರದ ಆರುನೂರು ಗಂಟೆ ಓಡಿಸಿದರೆ. ನಮ್ಮಲ್ಲಿ ಹಗಲೂ ರಾತ್ರಿ ಓಡಬೇಕು, ಅದರ ಐದು ಪಟ್ಟು! ಹೆಚ್ಚಿಗೆ ಕೊಟ್ಟ ದುಡ್ಡು ಕರೆಂಟ್ ಬಿಲ್ಲಲ್ಲೇ ವಾಪಸ್ ಬರುತ್ತೆ ಕಣೋ, ಜಿಪುಣ!"

"ಎಷ್ಟು ದಿನಕ್ಕೆ?"

"ಒಂದು ವರ್ಷ ಸಾಕು."

ಅಣ್ಣ ನೆಲ ನೋಡಿದ. ಬೆಳಗ್ಗೆ ಡಾಕ್ಟರು "ಹೆಚ್ಚೆಂದರೆ ಮೂರು ತಿಂಗಳು" ಅಂದಾಗ ಅವನ ಪಕ್ಕದಲ್ಲಿ ಕೂತಿದ್ದವಳು ಅವಳೇ.

ಅವಳು ಐದು ಸ್ಟಾರಿನ ಲೇಬಲ್ ಮೇಲಿಂದ ಬೆರಳು ತೆಗೆದಳು.

"ಮೂರು ಸ್ಟಾರಿಂದೇ ಕೊಡಿ," ಅಂದಳು.

"ಒಳ್ಳೇದು ಮೇಡಂ, ಕಂಪ್ರೆಸರ್‌ಗೆ ಹತ್ತು ವರ್ಷ ವಾರಂಟಿ ಇದೆ," ಎಂದು ಅಂಗಡಿಯವನು ಹಲ್ಲು ಕಿರಿದ.