ಮುಚ್ಚಿದ ಕವರಿನ ಅಂಕಗಳು

ಹೋದ ವರ್ಷ ಮಾಲಾ ಎಂಬ ಹುಡುಗಿಯ ಹಿಂದಿ ಪ್ರಬಂಧಕ್ಕೆ ಒಬ್ಬ ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟರು. ಅದನ್ನೇ ಮತ್ತೆ ನೋಡಿದ ಇನ್ನೊಬ್ಬರು ಮೂರು ಕೊಟ್ಟರು, ಮೂರೇ ಉಳಿಯಿತು. ಮೊಳಕಾಲ್ಮೂರಿನ ಆ ನೇಕಾರರ ಮನೆ ಹುಡುಗಿ ಅಂದಿನಿಂದ ಹಿಂದಿಯಲ್ಲಿ ಎರಡು ಸಾಲಿನ ಮೇಲೆ ಬರೆಯಲಿಲ್ಲ. ಅವಳ ಟೀಚರ್ ವನಜಾಕ್ಷಿಗೆ ಆ ಸಂಕಟ ಇನ್ನೂ ಇಳಿದಿರಲಿಲ್ಲ.

ಆರು ಶಾಲೆ ನಡೆಸುವ ಅವರ ಟ್ರಸ್ಟ್ ಈ ವರ್ಷ ಎಲ್ಲರೂ ಒಂದೇ ಅಳತೆಯಲ್ಲಿ ಅಂಕ ಕೊಡಲಿ ಎಂದು ಇಂಗ್ಲಿಷಿನ ರೂಬ್ರಿಕ್, ಅಂದರೆ ಅಂಕದ ಅಳತೆಪಟ್ಟಿ, ತರಿಸಿತು. ವಿಷಯ, ಉದಾಹರಣೆ, ಭಾಷೆ, ಮುಕ್ತಾಯ, ಹೀಗೆ ನಾಲ್ಕು ಅಂಶ. ಒಂದೊಂದಕ್ಕೂ ಒಂದರಿಂದ ನಾಲ್ಕು ಅಂಕ, ಯಾವ ಅಂಕಕ್ಕೆ ಬರಹ ಹೇಗಿರಬೇಕು ಎಂದು ಒಂದೊಂದು ವಾಕ್ಯ. ಹಿಂದಿ ಮೇಷ್ಟ್ರುಗಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಿಂದಿಗೆ ತರುವ ಕೆಲಸವನ್ನು ವನಜಾಕ್ಷಿ ತಾನೇ ಕೇಳಿ ಪಡೆದಳು.

ಹದಿನಾರು ವಾಕ್ಯಕ್ಕೆ ಮೂರು ವಾರ ಹಿಡಿಯಿತು. ಉದಾಹರಣೆಯ ಸಾಲಿನಲ್ಲಿ ಅವಳು ಹೆಣಗಿದ್ದು ಅಷ್ಟಿಷ್ಟಲ್ಲ. ಎರಡು ಅಂಕಕ್ಕೆ 'ಥೋಡೇ', ಅಂದರೆ ಸ್ವಲ್ಪ ಉದಾಹರಣೆ, ಮೂರಕ್ಕೆ 'ಕುಛ್', ಅಂದರೆ ಕೆಲವು ಉದಾಹರಣೆ ಎಂದು ಬರೆದಿದ್ದಳು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಓದಿದವರಿಗೆ ತಿಳಿಯುತ್ತದೆಯೇ? ಎರಡು ಉದಾಹರಣೆ, ಮೂರು ಉದಾಹರಣೆ ಎಂದು ತಾನೇ ಲೆಕ್ಕ ಹಾಕಿಟ್ಟರೆ ಮೂಲದಲ್ಲಿಲ್ಲದ್ದನ್ನು ತುರುಕಿದಂತಾಗುತ್ತಿತ್ತು. ಪ್ರಯೋಗ ಮಾಡದೆ ಗೊತ್ತಾಗುವ ಸಂಗತಿಯಲ್ಲ.

ಅದಕ್ಕೇ ಎಂಟು ಪ್ರಬಂಧಗಳ ಜೆರಾಕ್ಸ್ ಕಟ್ಟುಗಳನ್ನು ಉಳಿದ ಐದು ಶಾಲೆಯ ಹಿಂದಿ ಮೇಷ್ಟ್ರುಗಳಿಗೆ ಕೊಡುವುದು, ಯಾರೂ ಯಾರನ್ನೂ ಕೇಳದೆ ಅಂಕ ಹಾಕುವುದು ಎಂದಾಯಿತು. ಆಮೇಲೆ ತಿದ್ದಲು ಮನಸ್ಸಾಗಬಾರದೆಂದು ತನ್ನ ಅಂಕಗಳನ್ನು ಅವಳು ಮೊದಲೇ ಬರೆದು, ಕವರಿಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಉಗ್ರಪ್ಪನವರ ಕೈಗೆ ಕೊಟ್ಟಳು. ಟ್ರಸ್ಟಿನ ಚಳ್ಳಕೆರೆ ಶಾಲೆಯಲ್ಲಿದ್ದ ಉಗ್ರಪ್ಪನವರು ಈ ಕೆಲಸದ ಉಸ್ತುವಾರಿ. ಅದಕ್ಕಿಂತ ಹೆಚ್ಚಾಗಿ, ಹೈಸ್ಕೂಲಿನಲ್ಲಿ ಅವಳಿಗೆ ಹಿಂದಿ ಕಲಿಸಿದ ಗುರುಗಳು. ಅವರನ್ನು ನಂಬದೆ ಇನ್ಯಾರನ್ನು ನಂಬಬೇಕು?

ಅಂಕಗಳು ಬಂದವು. ಐವರದೂ ಅವಳದಕ್ಕೆ ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು. ಥೋಡೇ, ಕುಛ್ ಎಂದು ಒಬ್ಬರೂ ತಡವರಿಸಿರಲಿಲ್ಲ. ಟ್ರಸ್ಟಿನವರು ಸೋಮವಾರ ಅಚ್ಚಿಗೆ ಕೊಡುವುದಾಗಿ ಹೇಳಿದರು. ವನಜಾಕ್ಷಿ ಹಿಗ್ಗಿ ಹೀರೇಕಾಯಿಯಾದಳು. ಈ ಸಲ ಬರಿ, ನಿನಗೆ ಅನ್ಯಾಯ ಆಗಲ್ಲ ಎಂದು ಮಾಲಾಗೆ ಮಾತೂ ಕೊಟ್ಟಳು.

ಶನಿವಾರ ಬೀರು ಜೋಡಿಸುವಾಗ ಜೆರಾಕ್ಸಿನ ಒಂದು ಹಾಳೆ ಕೈಗೆ ಸಿಕ್ಕಿತು. ನಾಲ್ಕನೇ ಪ್ರಬಂಧದ ಕೊನೆಯ ಪುಟ, ಮೂಲೆಯಲ್ಲಿ ಅವಳದೇ ಅಕ್ಷರದಲ್ಲಿ 'ತಿಪ್ಪೇರುದ್ರ' ಎಂದಿತ್ತು. ಆ ಐವರಲ್ಲಿ ಒಬ್ಬರಾದ ಅವರ ಕಟ್ಟಿಗೆ ಸೇರಬೇಕಾದದ್ದು ಇಲ್ಲೇ ಉಳಿದಿತ್ತು. ಆದರೂ ತಿಪ್ಪೇರುದ್ರ ಮೇಷ್ಟ್ರು ಆ ಪ್ರಬಂಧದ ಮುಕ್ತಾಯಕ್ಕೆ ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದರು. ಕಣ್ಣಿಗೇ ಬೀಳದ ಮುಕ್ತಾಯಕ್ಕೆ!

ಫೋನು ಮಾಡಿದಳು.

"ಉಗ್ರಪ್ಪ ಸಾರ್ ಅಂಕ ಹೇಳಿದ್ರು ಮೇಡಂ, ಒಂದೆರಡು ಆಚೀಚೆ ಮಾಡಿ ಎಲ್ರೂ ಅದನ್ನೇ ಹಾಕಿದ್ವಿ," ಎಂದರು ತಿಪ್ಪೇರುದ್ರ. "ನಿಮಗೂ ಗೊತ್ತೈತೆ ಅನ್ಕಂಡಿದ್ದೆ."

ಮಧ್ಯಾಹ್ನದ ಬಸ್ಸು ಹಿಡಿದು ಚಳ್ಳಕೆರೆಗೆ ಹೋದಳು. ಉಗ್ರಪ್ಪನವರು ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಅವಳ ಕವರು ಮೇಜಿನ ಮೇಲೇ ಬಿದ್ದಿತ್ತು, ಸಹಿಯ ನಟ್ಟನಡುವೆ ಹರಿದಿತ್ತು.

"ಕೂತ್ಕಳಮ್ಮ," ಎಂದರು. ಅಳುಕೇನೂ ಇರಲಿಲ್ಲ. "ಐದು ಜನ ಐದು ಥರ ಹಾಕ್ತಾರೆ, ಟ್ರಸ್ಟಿನೋರು ನಿನ್ನ ಕೆಲಸಾನೇ ಮೂಲೆಗೆ ಹಾಕ್ತಾರೆ. ನೀನು ನನ್ನ ಶಿಷ್ಯೆ. ನಿನ್ನ ಹೆಸರು ಉಳೀಲಿ ಅಂತ ಮಾಡ್ದೆ."

"ಐದು ಥರ ಬಂದ್ರೆ ತಾನೆ ಸಾರ್ ಎಲ್ಲಿ ತಪ್ಪೈತೆ ಅಂತ ಗೊತ್ತಾಗೋದು?"

"ತಪ್ಪು ಯಾರು ನೋಡ್ತಾರೆ? ನಿನ್ನ ಹಿಂದಿ ಚೆನ್ನಾಗೈತೆ ಬಿಡು."

"ನೀವು ಓದಿದ್ರಾ, ಹದಿನಾರು ವಾಕ್ಯಾನೂ?"

ಅವರು ಕವರನ್ನು ಡ್ರಾಯರಿಗೆ ಸರಿಸಿದರು. "ನಿನ್ನ ಕೆಲಸ ಅಂದ್ಮೇಲೆ ಓದೋದೇನೈತೆ ಅದ್ರಾಗೆ."

ವನಜಾಕ್ಷಿಗೆ ಮೈ ಉರಿಯಿತು. ಮೂರು ವಾರ ಜೀವ ತೇದು ಮಾಡಿದ್ದನ್ನು ಈ ಮನುಷ್ಯ ಒಂದೇ ಏಟಿಗೆ ನೀರಿನಲ್ಲಿ ಹೋಮ ಮಾಡಿದ್ದ. ಐದು ಜನರ ಕೈಯಿಂದ ಬಂದದ್ದು ಅವಳವೇ ಅಂಕಗಳು. ತನಗೆ ತಾನೇ ಭೇಷ್ ಎಂದುಕೊಂಡು ಮಾಲಾಗೆ ಮಾತು ಕೊಟ್ಟಿದ್ದಳು. ಅಲ್ಲೇ ಕೂತು, ಪ್ರಯೋಗ ಸರಿಯಾಗಿ ನಡೆದಿಲ್ಲ, ಅಚ್ಚು ನಿಲ್ಲಿಸಿ, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಇನ್ನೊಮ್ಮೆ ಮಾಡೋಣ ಎಂದು ಟ್ರಸ್ಟಿಗೆ ಪತ್ರ ಬರೆದಳು.

"ನನ್ನ ಮರ್ಯಾದೆ ಏನಾಗ್ಬೇಕಮ್ಮ?" ಎಂದರು ಉಗ್ರಪ್ಪನವರು.

ಅವಳು ಬಾಗಿಲವರೆಗೆ ಹೋಗಿ ನಿಂತಳು. ಹಿಂದಿ ಟೀಚರ್ ಆಗಬೇಕೆಂದು ಅವಳು ತೀರ್ಮಾನಿಸಿದ್ದು ಒಂಬತ್ತನೇ ತರಗತಿಯಲ್ಲಿ, ಇವರು ಕೆಂಪು ಶಾಯಿಯಲ್ಲಿ ಹಾಕಿದ ಒಂದು ಅಂಕ ನೋಡಿ. ಆ ನೋಟ್‌ಬುಕ್ಕು ಇವತ್ತಿಗೂ ಅವಳ ಟ್ರಂಕಿನಲ್ಲಿತ್ತು.

"ಸಾರ್, ನನ್ನ ಪ್ರಬಂಧಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ರಲ್ಲ," ಎಂದು ಕೇಳಿದಳು, "ಅದನ್ನಾದ್ರೂ ಓದಿದ್ರಾ?"

ಉಗ್ರಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಅವಳು ಪತ್ರ ಹಿಡಿದು ಬಸ್ಸಿಗೆ ಹೊರಟಳು.