ಹದಿನೈದನೆಯ ಟ್ರೇ

ಗೋಡೆಯುದ್ದಕ್ಕೂ ಹಸಿರು ಉಕ್ಕಿನ ಫಲಕ, ಅದರಲ್ಲಿ ದುಂಡನೆಯ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ತಾಪಮಾನ ಗೀಚುವ ಪೆನ್ನುಗಳು. ತೈಲ ಸಂಸ್ಕರಣಾಗಾರದ ನಿಯಂತ್ರಣ ಕೊಠಡಿಗೆ ಕಂಪ್ಯೂಟರ್ ಪರದೆಗಳು ಬರುವ ಮುಂಚಿನ ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಮೊದಲು ಮೂಗಿಗೆ ಬಡಿಯುವುದು ಆ ಶಾಯಿಯ ವಾಸನೆ.

ಆಗ ಅವಳು ಪ್ರಯೋಗಾಲಯದ ಹುಡುಗಿ. ಗಾಜಿನ ಬುರುಡೆಯಲ್ಲಿ ಎಣ್ಣೆಯ ಮಾದರಿ ಕಾಯಿಸಿ, ಯಾವ ತಾಪಕ್ಕೆ ಎಷ್ಟು ಹನಿ ಇಳಿಯಿತು ಎಂದು ಬರೆದಿಡುವ ಕೆಲಸ. ಫಲಕದ ಮುಂದಿನ ಆಪರೇಟರ್ ಕುರ್ಚಿಗೆ ಬರಬೇಕೆಂಬುದು ಅವಳ ಆಸೆ. ಅದಕ್ಕೊಂದು ಮೌಖಿಕ ಪರೀಕ್ಷೆ. ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೆಯದೂ ಹೋದರೆ ಜೀವನವಿಡೀ ಬುರುಡೆ ಕಾಯಿಸುತ್ತ ಕೂರಬೇಕು.

ಅವಳಿಗೆ ಪಾಠ ಹೇಳಿದವನು ಹಿರಿಯ ಆಪರೇಟರ್. ಎಲ್ಲರೂ ಮೀಸೆಯಣ್ಣ ಎನ್ನುತ್ತಿದ್ದರು. ಫಲಕದ ಮೇಲೆ ಬಣ್ಣದಲ್ಲಿ ಬರೆದಿದ್ದ ಕಚ್ಚಾ ಎಣ್ಣೆ ಬೇರ್ಪಡಿಸುವ ಗೋಪುರದ ಚಿತ್ರಕ್ಕೆ ಪೆನ್ಸಿಲ್ ಒತ್ತಿ ಕೇಳುತ್ತಿದ್ದ.

"ಹೇಳು ನೋಡೋಣ, ಸೀಮೆಎಣ್ಣೆ ಯಾಕೆ ಡೀಸೆಲ್‌ಗಿಂತ ಮೇಲಿಂದ ಬರುತ್ತೆ?"

"ಹಗುರ ಅಲ್ವಾ ಅಣ್ಣ, ತೇಲುತ್ತೆ."

"ತೇಲೋಕೆ ಇದೇನು ಬಾವಿಯಾ? ತಲೆ ಮನೇಲಿ ಬಿಟ್ಟು ಬಂದ್ಯಾ?" ಎಂದು ಮೀಸೆಯಡಿಯಲ್ಲೇ ನಗುತ್ತಿದ್ದ. "ಕುಲುಮೆಯಿಂದ ಮುನ್ನೂರೈವತ್ತು ಡಿಗ್ರಿಗೆ ಕಾದು ಬರೋ ಕಚ್ಚಾ ಎಣ್ಣೇಲಿ ಇವೆಲ್ಲ ಆವಿಯಾಗಿ ಒಟ್ಟಿಗೇ ಹೊರಡ್ತವೆ. ಆವಿ ಆಗದ್ದು ಕೆಳಗೆ ಉಳೀತು, ಅದರ ಮಾತು ಬೇರೆ. ಮೇಲೆ ಹೋದಷ್ಟೂ ಗೋಪುರ ತಣ್ಣಗೆ. ಡೀಸೆಲ್ ಬೇಗ ಸುಸ್ತಾಗಿ, ಮತ್ತೆ ದ್ರವವಾಗಿ ಕೆಳಗಿನ ಟ್ರೇನಲ್ಲೇ ಕೂತ್ಕೊಳ್ಳುತ್ತೆ. ಸೀಮೆಎಣ್ಣೆ ಇನ್ನಷ್ಟು ಮೆಟ್ಟಿಲು ಹತ್ತಿ ಕೂರುತ್ತೆ. ಇವೆರಡಕ್ಕಿಂತ ಬೇಗ ಆವಿಯಾಗೋ ನಾಫ್ತಾಗೆ ಕೂರೋದೇ ಗೊತ್ತಿಲ್ಲ, ಆವಿಯಾಗೇ ನೆತ್ತಿಯಿಂದ ಆಚೆ ಹೋಗುತ್ತೆ."

ಗೋಪುರದೊಳಗೆ ಒಂದರ ಮೇಲೊಂದು ತಟ್ಟೆ ಜೋಡಿಸಿದಂತೆ ನಲವತ್ತು ಟ್ರೇಗಳು. ಎಣಿಕೆ ಕೆಳಗಿನಿಂದ. ಹದಿನೈದರಲ್ಲಿ ಡೀಸೆಲ್, ಇಪ್ಪತ್ತಾರರಲ್ಲಿ ಸೀಮೆಎಣ್ಣೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ತಲೆ ಬಾಚುವಾಗ, ಅವಳ ಬಾಯಲ್ಲಿ ಅದೇ ಜಪ. ಕೊನೆಗೆ ಅವಳಮ್ಮನೇ ಪಾತ್ರೆ ತೊಳೆಯುತ್ತ "ಹದಿನೈದು ಡೀಸೆಲ್" ಎಂದು ಗುನುಗತೊಡಗಿದ್ದಳು.

ಪರೀಕ್ಷೆ ನಡೆದದ್ದು ಬೆಳಗ್ಗೆ ಹತ್ತಕ್ಕೆ, ಮುಖ್ಯ ಇಂಜಿನಿಯರರ ಕೋಣೆಯಲ್ಲಿ. ಅವರದೊಂದು ಪದ್ಧತಿಯಿತ್ತು. ನಕ್ಷೆಯನ್ನು ಹಲವು ಮಡಿಕೆ ಮಡಚಿ, ಒಂದು ಪಟ್ಟಿಯಷ್ಟನ್ನೇ ಕಾಣುವಂತೆ ಹಿಡಿಯುವುದು. ಉತ್ಪನ್ನದ ಹೆಸರು ಕಾಣದಂತೆ ಅದರ ಮೇಲೆ ಬೆರಳಿಡುವುದು. ಅಂದು ಅವರ ಕೈಯಲ್ಲಿದ್ದುದು ನಕ್ಷೆ ವಿಭಾಗದಿಂದ ಆ ವಾರವಷ್ಟೇ ಬಂದ ಹೊಸ ಹಾಳೆ, ಅವರೂ ಅದನ್ನಿನ್ನೂ ಸರಿಯಾಗಿ ಓದಿರಲಿಲ್ಲ. ಪಟ್ಟಿಯಲ್ಲಿ ಒಂದು ಟ್ರೇ, ಪಕ್ಕದಲ್ಲಿ ಹೊರಹೋಗುವ ಕೊಳವೆ.

"ಹದಿನೈದನೇ ಟ್ರೇ. ಏನು ಬರುತ್ತಮ್ಮ?"

"ಡೀಸೆಲ್ ಸರ್."

"ಸರಿ." ಅವರು ಪರೀಕ್ಷೆಯ ಹಾಳೆಯಲ್ಲಿ ಗುರುತು ಹಾಕಿದರು. ಮೂಲೆಯಲ್ಲಿ ಕೂತಿದ್ದ ಮೀಸೆಯಣ್ಣ ನೆಮ್ಮದಿಯ ಉಸಿರು ಬಿಟ್ಟ.

ಆಗ ಅವಳ ಕಣ್ಣು ಕೊಳವೆಯ ಪಕ್ಕದ ಸಣ್ಣ ಅಕ್ಷರಕ್ಕೆ ಬಿತ್ತು: ನೂರ ತೊಂಬತ್ತು ಡಿಗ್ರಿ. ಪ್ರಯೋಗಾಲಯದ ಬುರುಡೆ ಕಣ್ಣ ಮುಂದೆ ಬಂತು. ನೂರ ತೊಂಬತ್ತರಲ್ಲಿ ಸೀಮೆಎಣ್ಣೆ ಟಪಟಪ ಹನಿಯುತ್ತದೆ. ಡೀಸೆಲ್ ಇನ್ನೂ ಆವಿಯಾಗಲು ಮನಸ್ಸೇ ಮಾಡಿರುವುದಿಲ್ಲ. ಅಂಥ ತಂಪಿನ ಜಾಗಕ್ಕೆ ಡೀಸೆಲ್ ಆವಿ ತಲುಪುವುದುಂಟೆ? ಅದಕ್ಕೂ ಎಷ್ಟೋ ಕೆಳಗೇ ದ್ರವವಾಗಿ ಇಳಿದಿರಬೇಕು.

ಗುರುತು ಬಿದ್ದಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಸಿಗುತ್ತಿತ್ತು. ತೆರೆದರೆ, ತಾನೇ ತಪ್ಪು ಹೇಳಿದೆ ಎಂದು ಒಪ್ಪಿಕೊಳ್ಳಬೇಕು, ಅವರದೂ ತಪ್ಪು ಎನ್ನಬೇಕು.

"ಸರ್, ನಾನು ಹೇಳಿದ್ದು ತಪ್ಪು. ಇದು ಸೀಮೆಎಣ್ಣೆ."

"ಹದಿನೈದು ಡೀಸೆಲ್ಲೇ ಕಣಮ್ಮ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ."

"ಫಲಕದಲ್ಲಿ ಹೌದು ಸರ್. ಆದರೆ ಇಲ್ಲಿ ನೂರ ತೊಂಬತ್ತು ಇದೆ. ಅಷ್ಟು ತಣ್ಣಗಿರೋ ಕಡೆ ಡೀಸೆಲ್ ಆವಿಯಾಗಿ ಬರೋಕಾಗಲ್ಲ. ಇದು ಮೇಲ್ಗಡೆ ಟ್ರೇ ಇರಬೇಕು. ಈ ಹಾಳೇಲಿ ಎಣಿಕೆ ಮೇಲಿಂದ ಶುರುವಾಗಿದೆ ಅನ್ಸುತ್ತೆ."

ಅವರು ಬೆರಳು ತೆಗೆದರು. ಸೀಮೆಎಣ್ಣೆ ಎಂದೇ ಬರೆದಿತ್ತು. ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದರು. ಒಂದು ಎಂಬ ಅಂಕಿ ಗೋಪುರದ ನೆತ್ತಿಯಲ್ಲಿತ್ತು, ನಲವತ್ತು ತಳದಲ್ಲಿ. ಇಪ್ಪತ್ತಾರರಲ್ಲಿ, ಇನ್ನೂರ ಎಪ್ಪತ್ತು ಡಿಗ್ರಿಯಲ್ಲಿ, ಡೀಸೆಲ್. ಎರಡು ಅಂಕಿಗಳು ಸರಿಯಾಗಿ ಅದಲುಬದಲಾಗಿದ್ದವು.

ಮೀಸೆಯಣ್ಣ ಮೂಲೆಯಿಂದ ಎದ್ದು ಬಂದು ಹಾಳೆಯ ಮೇಲೆ ಬಾಗಿದ.

"ಫೋನಲ್ಲಿ ಯಾರಾದರೂ ಡೀಸೆಲ್‌ಗಾಗಿ 'ಹದಿನೈದರ ಕವಾಟ ತೆರಿ' ಅಂದು, ಕೇಳಿದವನು ಈ ಹಾಳೆ ನೋಡಿ ತೆರೆದಿದ್ರೆ?" ಎಂದರು ಇಂಜಿನಿಯರರು, ತಮಗೆ ತಾವೇ ಎಂಬಂತೆ.

"ಡೀಸೆಲ್ ಟ್ಯಾಂಕಿಗೆ ಸೀಮೆಎಣ್ಣೆ ಸರ್," ಎಂದ ಮೀಸೆಯಣ್ಣ. "ನನಗೇ ಹೊಳೀಲಿಲ್ಲ. ನಾನೇ ಅವಳಿಗೆ ಗಿಣಿಪಾಠ ಮಾಡಿಸಿದ್ದೆ."

ಇಂಜಿನಿಯರರು ತಾವು ಹಾಕಿದ್ದ ಗುರುತನ್ನು ಅಡ್ಡಗೆರೆ ಎಳೆದು ಅಳಿಸಿದರು. ಅವರು ಬೇರೆ ಏನನ್ನೂ ಕೇಳಲಿಲ್ಲ; ಪರೀಕ್ಷೆಯ ಹಾಳೆಯ ಕೆಳಗೆ ಸಹಿ ಹಾಕಿ ಅವಳತ್ತ ತಳ್ಳಿದರು. "ಪಾಸು. ನಾಳೆ ಮೊದಲ ಪಾಳಿಗೆ ಬಾ. ಅದಕ್ಕೂ ಮುಂಚೆ ಈ ನಕ್ಷೆಯ ಪ್ರತಿಯೊಂದು ಪ್ರತೀಲೂ ಕೆಂಪು ಶಾಯೀಲಿ ಬರೀಬೇಕು, ಎಣಿಕೆ ಮೇಲಿಂದ ಅಂತ. ನಿನ್ನ ಕೈಯಲ್ಲೇ."

ಮೂವತ್ತೊಂದು ಪ್ರತಿಗಳಿದ್ದವು. ಸಂಜೆಯವರೆಗೂ ಕೂತು ಬರೆದಳು. ಪಕ್ಕದಲ್ಲಿ ಮೀಸೆಯಣ್ಣ ಹಾಳೆಗಳನ್ನು ಆರಲು ಹರಡುತ್ತ, "ಅಕ್ಷರ ದೊಡ್ಡದಾಗಿ ಬರಿಯೇ, ನನ್ನಂಥ ಮುದುಕರಿಗೂ ಕಾಣ್ಲಿ" ಎಂದು ರೇಗಿಸುತ್ತಲೇ ಇದ್ದ.